ಡೆಲಿವರಿ ಹುಡುಗರಿಗೆ ಕಂಪನಿ ಸಿಮ್: ಸಿಯುಜಿ ಪ್ಲಾನ್ ಆರಿಸುವುದು ಹೇಗೆ, ನಡೆಸುವುದು ಹೇಗೆ

ಹುಬ್ಬಳ್ಳಿಯ ನಮ್ಮ ಹಬ್‌ನಲ್ಲಿ ಕೇಶ್ವಾಪುರ ರೂಟ್ ನೋಡಿಕೊಳ್ಳುತ್ತಿದ್ದ ಹುಡುಗ ಮೂರು ವರ್ಷ ಚೆನ್ನಾಗಿ ಕೆಲಸ ಮಾಡಿ ಬಿಟ್ಟು ಹೋದ. ಹೋಗುವಾಗ ಬ್ಯಾಗ್ ಕೊಟ್ಟ, ಐಡಿ ಕಾರ್ಡ್ ಕೊಟ್ಟ, ಲೆಕ್ಕ ಚುಕ್ತಾ ಮಾಡಿದ. ಫೋನ್ ನಂಬರ್ ಮಾತ್ರ ಅವನ ಜೊತೆಗೇ ಹೋಯಿತು. ಅದು ಅವನದೇ ನಂಬರ್, ನಾವು ಕೇಳುವ ಹಾಗೂ ಇರಲಿಲ್ಲ. ಆಮೇಲೆ ಎರಡು ತಿಂಗಳು ಕೇಶ್ವಾಪುರದ ಅಂಗಡಿಯವರೆಲ್ಲ ಅವನಿಗೇ ಫೋನ್ ಮಾಡಿ ‘ಪಾರ್ಸೆಲ್ ಎಲ್ಲಿದೆ’ ಅಂತ ಕೇಳುತ್ತಿದ್ದರು. ಹೊಸ ಹುಡುಗ ಫೋನ್ ಮಾಡಿದರೆ ಯಾರೂ ಎತ್ತುತ್ತಿರಲಿಲ್ಲ.

ನಾವು ಕಂಪನಿ ಸಿಮ್ ಕಡೆ ಹೊರಳಿದ್ದು ಆವಾಗ. ಸಿಯುಜಿ ಅಂದರೆ ಒಂದು ಸಂಸ್ಥೆಯ ಸಿಮ್‌ಗಳದೇ ಗುಂಪು, ‘ನಮ್ಮ ನಮ್ಮಲ್ಲಿ ಕಾಲ್ ಫ್ರೀ’ ಅಂತ ಹಳೇ ಲೆಕ್ಕ. ಈಗ ಹೆಚ್ಚಿನ ಪ್ಲಾನ್‌ಗಳಲ್ಲಿ ಎಲ್ಲ ಕಾಲೂ ಫ್ರೀ. ಹಾಗಾಗಿ ಅದೊಂದಕ್ಕೆ ಸಿಯುಜಿ ತಗೊಂಡರೆ ಸುಮ್ನೆ ದುಡ್ಡು ದಂಡ. ನೀವು ನಿಜವಾಗಿ ಕೊಳ್ಳುತ್ತಿರುವುದು ನಂಬರಿನ ಮಾಲೀಕತ್ವ. ನಂಬರ್ ಹುಡುಗನಿಗೆ ಅಂಟಿಕೊಳ್ಳಬಾರದು, ರೂಟ್‌ಗೆ ಅಂಟಿಕೊಳ್ಳಬೇಕು. ಮುಂದೆ ಹೇಳುವುದೆಲ್ಲ ಈ ಲೆಕ್ಕದ ಮೇಲೇ ನಿಂತಿದೆ.

ಮೊದಲು ಒಂದು ತಿಂಗಳ ಬಳಕೆ ಅಳೆಯಿರಿ

ಟೆಲಿಕಾಂ ಕಂಪನಿಯ ಸೇಲ್ಸ್‌ನವರು ಬಂದ ಕೂಡಲೇ ಕೇಳುವುದು ‘ದಿನಕ್ಕೆ ಎಷ್ಟು ಜಿಬಿ ಬೇಕು ಸರ್’ ಅಂತ. ಉತ್ತರ ನಿಮ್ಮ ಕೈಯಲ್ಲಿ ಇರಲಿ. ಬೇರೆ ಬೇರೆ ರೂಟ್‌ನ ನಾಲ್ಕೈದು ಹುಡುಗರನ್ನು ಆರಿಸಿ. ಅವರ ಫೋನ್‌ನ ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ಡೇಟಾ ಬಳಕೆ ತೆಗೆದು, ಯಾವ ಆಪ್ ಎಷ್ಟು ತಿಂದಿದೆ ಅಂತ ಬರೆದುಕೊಳ್ಳಿ.

ನಮ್ಮ ಲೆಕ್ಕ ಹೀಗಿತ್ತು. ಒಬ್ಬ ಹುಡುಗ ದಿನಕ್ಕೆ ಸುಮಾರು 60 ಡೆಲಿವರಿ ಮಾಡುತ್ತಾನೆ. ಪ್ರತಿ ಡೆಲಿವರಿಗೆ ಒಂದು ಫೋಟೊ, ಆಪ್ ಅದನ್ನು ಕುಗ್ಗಿಸಿ ಸುಮಾರು 300 ಕೆಬಿಗೆ ಇಳಿಸುತ್ತದೆ. ಅಲ್ಲಿಗೆ 18 ಎಂಬಿ ಆಯಿತು. ಮ್ಯಾಪ್ ಆರು ಗಂಟೆ ಓಡಿದರೂ 60 ಎಂಬಿ ದಾಟಲಿಲ್ಲ. ಲೊಕೇಶನ್ ಕಳಿಸುವುದು, ಆಪ್ ಸಿಂಕ್, ಕೆಲಸದ ವಾಟ್ಸಾಪ್ ಎಲ್ಲ ಸೇರಿ ಇನ್ನೊಂದು 100. ಒಟ್ಟು 200 ಎಂಬಿ ಒಳಗೇ. ತಿಂಗಳಿಗೆ 26 ದಿನ ಅಂದರೆ ಒಬ್ಬನಿಗೆ ಐದು ಜಿಬಿ ಚಿಲ್ಲರೆ.

ಆದರೂ ಆ ಹುಡುಗರ ಫೋನ್‌ಗಳು ದಿನಾ ಒಂದೂವರೆ ಜಿಬಿ ಮುಗಿಸುತ್ತಿದ್ದವು. ಉಳಿದದ್ದು ರೀಲ್ಸ್ ಮತ್ತು ಕ್ರಿಕೆಟ್. ಅದು ತಪ್ಪು ಅಂತ ನಾನು ಹೇಳುವುದಿಲ್ಲ, ಮಧ್ಯಾಹ್ನ ಊಟದ ಹೊತ್ತಲ್ಲಿ ಏನಾದರೂ ನೋಡಲಿ. ಆದರೆ ಆ ಖರ್ಚು ಕಂಪನಿದೋ ಹುಡುಗನದೋ ಅಂತ ಮೊದಲೇ ತೀರ್ಮಾನ ಮಾಡಿ. ನಾವು ಮಾಡಿದ್ದು ಇಷ್ಟು: ಎಲ್ಲರ ಫೋನ್‌ಗೂ ಎರಡು ಸಿಮ್ ಜಾಗ ಇದೆ. ಕಂಪನಿ ಸಿಮ್ ಕೆಲಸಕ್ಕೆ, ಅವರ ಸ್ವಂತ ಸಿಮ್ ಅವರಿಗೆ.

ಡೇಟಾ ಪೂಲ್ ಸಿಗುವ ಹಾಗಿದ್ದರೆ ಅದನ್ನೇ ಕೇಳಿ. ಎಲ್ಲರ ಕೋಟಾ ಒಂದೇ ತೊಟ್ಟಿಗೆ ಬೀಳುತ್ತದೆ, ಯಾರಿಗೆ ಬೇಕೋ ಅವರು ಬಳಸುತ್ತಾರೆ. 42 ಹುಡುಗರಿಗೆ ನಮಗೆ ಬೇಕಾಗಿದ್ದು 220 ಜಿಬಿ ಸುತ್ತಮುತ್ತ. ಹಬ್ಬದ ತಿಂಗಳ ಜೋರಿಗೆ ಸೇರಿಸಿ 300 ಕೇಳಿದೆವು. ದಿನಕ್ಕೆ 2 ಜಿಬಿ ಪ್ಲಾನ್ 42 ಸಲ ಕೊಂಡಿದ್ದರೆ ಬೇಡದ ಡೇಟಾಕ್ಕೆ ದುಡ್ಡು ಕಟ್ಟುತ್ತಿದ್ದೆವು.

ನೆಟ್‌ವರ್ಕ್ ಪರೀಕ್ಷೆ ಹಬ್‌ನಲ್ಲಿ ಮಾಡಬೇಡಿ

ಟೆಲಿಕಾಂನವರ ಕವರೇಜ್ ಮ್ಯಾಪ್ ನೋಡಿ ತೀರ್ಮಾನ ಮಾಡುವುದು ಬೇಡ. ಅದರಲ್ಲಿ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಕಾಣಿಸುವುದಿಲ್ಲ. ತಗಡಿನ ಗೋಡೌನ್ ಒಳಗೆ ಸಿಗ್ನಲ್ ಏನಾಗುತ್ತದೆ ಅಂತಲೂ ಅದು ಹೇಳುವುದಿಲ್ಲ.

ಎರಡು ಮೂರು ಕಂಪನಿಗಳ ಒಂದೊಂದು ಪ್ರಿಪೇಯ್ಡ್ ಸಿಮ್ ತಗೊಂಡು, ಒಂದು ವಾರ ಬೇರೆ ಬೇರೆ ರೂಟ್‌ಗೆ ಕಳಿಸಿ. ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳಲ್ಲಿ ಡಯಲರ್‌ನಲ್ಲಿ ಇದನ್ನು ಒತ್ತಿದರೆ ಸಿಗ್ನಲ್ ಅಂಕಿ ಕಾಣಿಸುತ್ತದೆ:

```
*#*#4636#*#*
```

ಅಂಕಿ ಮೈನಸ್‌ನಲ್ಲಿ ಇರುತ್ತದೆ. 4ಜಿಯಲ್ಲಿ ಮೈನಸ್ 85, 90ರ ಆಸುಪಾಸು ಇದ್ದರೆ ಒಳ್ಳೆಯದು. ಮೈನಸ್ 110 ದಾಟಿದರೆ ಫೋಟೊ ಅಪ್‌ಲೋಡ್ ತಿಣುಕುತ್ತದೆ, ಕಾಲ್ ಕಟ್ ಆಗುತ್ತದೆ. ಆ ಕೋಡ್ ಕೆಲಸ ಮಾಡದ ಫೋನ್ ಇದ್ದರೆ ಸರಳ ದಾರಿ: ಡೆಲಿವರಿ ಮುಗಿಸಿದ ಜಾಗದಲ್ಲೇ ಫೋಟೊ ಅಪ್‌ಲೋಡ್ ಆಯಿತೋ, ರಸ್ತೆಗೆ ಬಂದ ಮೇಲೆ ಆಯಿತೋ ಅಂತ ಹುಡುಗ ಒಂದು ಟಿಕ್ ಹಾಕಿಕೊಂಡು ಬರಲಿ.

ನಮಗೆ ವಿದ್ಯಾನಗರ, ಗೋಕುಲ ರೋಡ್ ಕಡೆ ಎಲ್ಲವೂ ಸರಿ ಇದ್ದವು. ಕಲಘಟಗಿ ಕಡೆಯ ಹಳ್ಳಿಗಳಲ್ಲಿ ಮಾತ್ರ ಊರಲ್ಲಿ ಚೆನ್ನಾಗಿದ್ದ ಸಿಮ್ ಸತ್ತೇ ಹೋಯಿತು. ಅದಕ್ಕೆ ಎರಡು ಕಂಪನಿಗಳ ಸಿಮ್ ತಗೊಂಡೆವು: ಊರಿಗೆ ಒಂದು, ಹಳ್ಳಿ ರೂಟ್‌ಗೆ ಇನ್ನೊಂದು. ಸಿಯುಜಿ ಒಂದು ಟೆಲಿಕಾಂ ಕಂಪನಿಯ ಒಳಗೇ ನಡೆಯುವುದು. ಹೀಗೆ ಎರಡು ಮಾಡಿದರೆ ಗುಂಪು ಒಡೆಯುತ್ತದೆ ಅಂತ ಸೇಲ್ಸ್‌ನವರು ಹೆದರಿಸಿದರು. ಕಾಲ್ ಅನ್‌ಲಿಮಿಟೆಡ್ ಇರುವಾಗ ಒಡೆದರೆ ಏನು ಹೋಯಿತು, ಅಲ್ವಾ? ನೆಟ್‌ವರ್ಕ್ ಇಲ್ಲದ ಕಡೆ ಒಂದೇ ಗುಂಪಲ್ಲಿದ್ದು ಮಾಡುವುದೇನು?

ದುಡ್ಡಿನ ಲೆಕ್ಕ: 13 ತಿಂಗಳು ಮತ್ತು ಡ್ರಾಯರಿನ ಸಿಮ್

ದರಗಳು ಬದಲಾಗುತ್ತಲೇ ಇರುತ್ತವೆ. ಹಾಗಾಗಿ ಲೆಕ್ಕಕ್ಕೆ ಅಂತ ಎರಡು ದರ ಇಟ್ಟುಕೊಳ್ಳೋಣ. ಪ್ರಿಪೇಯ್ಡ್ 28 ದಿನಕ್ಕೆ ₹300, ತೆರಿಗೆ ಸೇರಿ. ಪೋಸ್ಟ್‌ಪೇಯ್ಡ್ ತಿಂಗಳಿಗೆ ₹250, ಮೇಲೆ 18% ಜಿಎಸ್‌ಟಿ, ಅಂದರೆ ₹295.

ಮೇಲ್ನೋಟಕ್ಕೆ ಎರಡೂ ಒಂದೇ. ಆದರೆ 28 ದಿನದ ಪ್ಲಾನ್‌ಗೆ ವರ್ಷಕ್ಕೆ 13 ರೀಚಾರ್ಜ್ ಬೇಕು. ಒಬ್ಬ ಹುಡುಗನಿಗೆ ₹3,900, 42 ಜನಕ್ಕೆ ₹1,63,800. ಪೋಸ್ಟ್‌ಪೇಯ್ಡ್‌ನಲ್ಲಿ ಒಬ್ಬನಿಗೆ ₹3,540, 42 ಜನಕ್ಕೆ ₹1,48,680. ಬಿಲ್ ಮೇಲೆ ನಿಮ್ಮ ಜಿಎಸ್‌ಟಿ ನಂಬರ್ ಇದ್ದು, ನಿಮಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಿಗುವ ಹಾಗಿದ್ದರೆ ಖರ್ಚು ಇನ್ನೂ ಇಳಿದು ₹1,26,000 ಆಗುತ್ತದೆ. ಕಾಂಪೊಸಿಷನ್ ಸ್ಕೀಮ್‌ನಲ್ಲಿ ಇದ್ದರೆ ಆ ಕ್ರೆಡಿಟ್ ಸಿಗುವುದಿಲ್ಲ. ನಿಮ್ಮ ಲೆಕ್ಕಪತ್ರ ನೋಡುವವರನ್ನು ಕೇಳಿಯೇ ಮುಂದುವರಿಯಿರಿ.

ಇಲ್ಲಿಯವರೆಗೆ ಸೇಲ್ಸ್‌ನವರೂ ಲೆಕ್ಕ ಹಾಕಿ ತೋರಿಸುತ್ತಾರೆ. ಡ್ರಾಯರಿನ ಲೆಕ್ಕ ಮಾತ್ರ ಅವರು ಹೇಳುವುದಿಲ್ಲ. ಡೆಲಿವರಿ ಕೆಲಸದಲ್ಲಿ ಹುಡುಗರು ಬರುತ್ತಾರೆ, ಹೋಗುತ್ತಾರೆ. ಹೋದವರ ಸಿಮ್ ಹಬ್‌ನ ಡ್ರಾಯರಿನಲ್ಲಿ ಬಿದ್ದಿರುತ್ತದೆ, ಬಾಡಿಗೆ ಓಡುತ್ತಿರುತ್ತದೆ. ಎಂಟು ಸಿಮ್ ಹೀಗೆ ಬಿದ್ದಿದ್ದರೆ ನೀವು ಕಟ್ಟುವುದು 50ಕ್ಕೆ. ಕ್ರೆಡಿಟ್ ಸಿಕ್ಕರೂ ₹1,50,000 ಆಯಿತು, ಉಳಿತಾಯ ₹13,800ಕ್ಕೆ ಇಳಿಯಿತು. ಕ್ರೆಡಿಟ್ ಸಿಗದಿದ್ದರೆ ₹1,77,000, ಅಂದರೆ ಪ್ರಿಪೇಯ್ಡ್‌ಗಿಂತ ಜಾಸ್ತಿ.

ಆದ್ದರಿಂದ ಬಾಡಿಗೆ ಹತ್ತು ರೂಪಾಯಿ ಇಳಿಸಿ ಅಂತ ಚೌಕಾಸಿ ಮಾಡುವುದಕ್ಕಿಂತ, ‘ಬಳಸದ ನಂಬರನ್ನು ತಾತ್ಕಾಲಿಕವಾಗಿ ನಿಲ್ಲಿಸಿದರೆ ಬಾಡಿಗೆ ಎಷ್ಟು?’ ಅಂತ ಕೇಳಿ. ಅದರಲ್ಲಿ ದುಡ್ಡಿದೆ.

ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಬರಹದಲ್ಲಿ ಪಡೆಯಬೇಕಾದ್ದು

ಬಾಯಿಮಾತು ಏನೂ ಲೆಕ್ಕಕ್ಕಿಲ್ಲ. ಸೇಲ್ಸ್‌ನವರು ಆರು ತಿಂಗಳಿಗೊಮ್ಮೆ ಬದಲಾಗುತ್ತಾರೆ. ಹಾಗಾಗಿ ಈ ನಾಲ್ಕು ವಿಷಯ ಇಮೇಲ್‌ನಲ್ಲಾದರೂ ಬರಲಿ.

ಮೊದಲನೆಯದು ಲಾಕ್-ಇನ್. ಎಷ್ಟು ತಿಂಗಳು, ಕನಿಷ್ಠ ಎಷ್ಟು ನಂಬರ್, ಮಧ್ಯದಲ್ಲಿ ಬಿಟ್ಟರೆ ದಂಡ ಎಷ್ಟು? ನೀವು ಒಪ್ಪಿದ ನಿರ್ಗಮನ ಷರತ್ತು ಪೂರೈಸದಿದ್ದರೆ, ಪೋರ್ಟ್ ಕೋರಿಕೆಯನ್ನು ಅದೇ ಕಾರಣಕ್ಕೆ ತಿರಸ್ಕರಿಸಲು ನಿಯಮದಲ್ಲಿ ಅವಕಾಶ ಇದೆ. ಬಾಕಿ ಬಿಲ್ ಇದ್ದರೂ ಅಷ್ಟೇ.

ಎರಡನೆಯದು, ಕೋಟಾ ಮುಗಿದ ಮೇಲೆ ಏನಾಗುತ್ತದೆ? ವೇಗ ಇಳಿಯುತ್ತದೋ, ದುಡ್ಡು ಏರುತ್ತದೋ? ಏರುವ ಹಾಗಿದ್ದರೆ ಪ್ರತಿ ನಂಬರಿಗೂ ಮಿತಿ ಹಾಕಿಸಿ.

ಮೂರನೆಯದು, ಬಾರಿಂಗ್. ಐಎಸ್‌ಡಿ, ಅಂತರರಾಷ್ಟ್ರೀಯ ರೋಮಿಂಗ್, ಕಾಲರ್ ಟ್ಯೂನ್‌ನಂಥ ಹೆಚ್ಚುವರಿ ಸೇವೆಗಳನ್ನು ಮೊದಲ ದಿನವೇ ಮುಚ್ಚಿಸಿ. ‘ಗುಂಪಿನ ಒಳಗೆ ಮಾತ್ರ ಕಾಲ್’ ಅನ್ನುವ ಬಿಗಿ ಸಿಯುಜಿ ಗೋಡೌನ್ ವಾಚ್‌ಮನ್‌ಗೆ, ಪಾರ್ಸೆಲ್ ವಿಂಗಡಿಸುವವರಿಗೆ ಸರಿ ಹೋಗುತ್ತದೆ. ಡೆಲಿವರಿ ಹುಡುಗನಿಗೆ ಅದು ಆಗುವುದಿಲ್ಲ, ಅವನು ಗಿರಾಕಿಗೆ ಫೋನ್ ಮಾಡಲೇಬೇಕು. ಅಂದರೆ ಒಂದೇ ಕಂಪನಿಯೊಳಗೆ ಎರಡು ಬಗೆಯ ಪ್ರೊಫೈಲ್ ಬೇಕು. ಅದು ಸಾಧ್ಯವೇ ಅಂತ ಕೇಳಿ. ಕೆಲವರು ಗುಂಪಿನೊಳಗೆ ನಾಲ್ಕಂಕಿಯ ಕಿರು ನಂಬರ್ ಕೊಡುತ್ತಾರೆ. ಸಿಕ್ಕರೆ ಹಬ್‌ಗೆ ಒಂದು ಇಟ್ಟುಕೊಳ್ಳಿ. ಗಾಡಿ ಬಿದ್ದಾಗ ಹುಡುಗನಿಗೆ ಹತ್ತಂಕಿ ನೆನಪಾಗುವುದಿಲ್ಲ.

ನಾಲ್ಕನೆಯದು ಬಿಲ್. ನಂಬರ್‌ವಾರು ವಿವರ ಎಕ್ಸೆಲ್‌ನಲ್ಲಿ ಬರಬೇಕು. ಒಟ್ಟು ಮೊತ್ತ ಮಾತ್ರ ಇರುವ ಪಿಡಿಎಫ್‌ನಿಂದ ಏನೂ ಗೊತ್ತಾಗುವುದಿಲ್ಲ.

ಕೆವೈಸಿ: ಹಳೇ ಬಲ್ಕ್ ಸಿಮ್ ಈಗ ಇಲ್ಲ

ಮುಂಚೆ ಕಂಪನಿ ಹೆಸರಲ್ಲಿ ನೂರು ಸಿಮ್ ತಂದು ಹಂಚಿಬಿಡಬಹುದಿತ್ತು. ಮೋಸದ ಕಾಲ್‌ಗಳಿಗೆ ಇಂಥ ಸಿಮ್‌ಗಳು ಬಳಕೆಯಾಗತೊಡಗಿದ ಮೇಲೆ ದೂರಸಂಪರ್ಕ ಇಲಾಖೆ 2023ರ ಆಗಸ್ಟ್‌ನಲ್ಲಿ ಹೊಸ ನಿಯಮ ತಂತು. 2023ರ ಡಿಸೆಂಬರ್ 1ರಿಂದ ಬಲ್ಕ್ ಸಂಪರ್ಕದ ಜಾಗದಲ್ಲಿ ‘ಬಿಸಿನೆಸ್ ಸಂಪರ್ಕ’ ಬಂತು. ಸಿಮ್ ಕಂಪನಿ ಹೆಸರಲ್ಲೇ ಇರುತ್ತದೆ. ಆದರೆ ಅದನ್ನು ಬಳಸುವ ಪ್ರತಿಯೊಬ್ಬನ ಕೆವೈಸಿ ಆದ ಮೇಲೆಯೇ ಅದು ಚಾಲೂ ಆಗುತ್ತದೆ. 2024ರ ಜನವರಿ 1ರಿಂದ ಕಾಗದದ ಅರ್ಜಿಯೂ ನಿಂತಿದೆ, ಎಲ್ಲ ಡಿಜಿಟಲ್.

ಕಂಪನಿ ಕಡೆಯಿಂದ ಪ್ಯಾನ್, ಜಿಎಸ್‌ಟಿ ನೋಂದಣಿ ಪತ್ರ, ವಿಳಾಸದ ದಾಖಲೆ, ಸಹಿ ಮಾಡುವವರಿಗೆ ಕೊಟ್ಟ ಅಧಿಕಾರ ಪತ್ರ ಮತ್ತು ಅವರ ಗುರುತಿನ ಚೀಟಿ ಸಿದ್ಧ ಇರಲಿ. ಕಂಪನಿ ನಿಜಕ್ಕೂ ಇದೆಯೇ ಅಂತ ಜಾಗ ನೋಡಲೂ ಬರುತ್ತಾರೆ. ಬೋರ್ಡ್ ಹಾಕಿರಿ. ನಮ್ಮ ಹಬ್‌ಗೆ ಬೋರ್ಡೇ ಇರಲಿಲ್ಲ, ಅದಕ್ಕೆ ಒಂದು ವಾರ ಹೋಯಿತು.

ಹುಡುಗರ ಕೆವೈಸಿಯನ್ನು ಒಂದೇ ಬೆಳಿಗ್ಗೆ ಮುಗಿಸಿ. ಲೋಡಿಂಗ್ ಶುರುವಾಗುವ ಮುಂಚೆ, ಏಳು ಗಂಟೆಗೆ, ಟೆಲಿಕಾಂನವರನ್ನೇ ಹಬ್‌ಗೆ ಕರೆಸಿ. ಅವತ್ತು ಯಾರೋ ಒಬ್ಬ ಖಂಡಿತ ಕೇಳುತ್ತಾನೆ: ‘ಅಣ್ಣಾ, ಆಧಾರ್ ಕೊಟ್ರೆ ನನ್ನ ಹೆಸರಲ್ಲಿ ಸಿಮ್ ಎಬ್ಬಿಸ್ತಾರಾ?’ ಭಯ ಸುಳ್ಳಲ್ಲ. ಆಧಾರ್ ಜೆರಾಕ್ಸ್‌ನಿಂದ ಮೋಸ ಹೋದವರು ಬೇಕಾದಷ್ಟು ಜನ ಇದ್ದಾರೆ. ಸಂಪರ್ಕ ಕಂಪನಿಯದು, ನೀನು ಬಳಕೆದಾರ ಮಾತ್ರ ಅಂತ ತಿಳಿಸಿ ಹೇಳಿ. ಒಬ್ಬರ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ನೋಡುವುದನ್ನೂ ಅಲ್ಲೇ ತೋರಿಸಿ. ಕೆಲವರಿಗೆ ಗೊತ್ತಿಲ್ಲದ ನಂಬರ್ ಅವತ್ತೇ ಕಣ್ಣಿಗೆ ಬೀಳುತ್ತದೆ.

ಒಂದು ಅಡ್ಡದಾರಿಯಿಂದ ದೂರ ಇರಿ: ಮಾಲೀಕರ, ಅವರ ತಮ್ಮನ, ಭಾವನ ಹೆಸರಲ್ಲಿ ಒಂಬತ್ತೊಂಬತ್ತು ಸಿಮ್ ತೆಗೆದು ಹಂಚುವುದು. ಕರ್ನಾಟಕದಲ್ಲಿ ಒಬ್ಬರಿಗೆ ಒಂಬತ್ತೇ ಮಿತಿ. ಆ ಮಿತಿಯೊಳಗೇ ಇದ್ದರೂ, ಹುಡುಗ ಆ ನಂಬರಿನಿಂದ ಏನು ಮಾಡಿದರೂ ಪೊಲೀಸರು ಬರುವುದು ಭಾವನ ಮನೆಗೆ.

ಹಳೇ ನಂಬರ್ ಉಳಿಸಿಕೊಳ್ಳಬೇಕಿದ್ದರೆ

ಈಗಾಗಲೇ ಕಂಪನಿ ಹೆಸರಲ್ಲಿ ಬೇರೆ ಟೆಲಿಕಾಂನ ನಂಬರ್‌ಗಳಿದ್ದರೆ ಪೋರ್ಟ್ ಮಾಡಿಸಬಹುದು. ಕಂಪನಿಯ ಒಂದು ಅಧಿಕಾರ ಪತ್ರದಲ್ಲಿ 100 ನಂಬರಿನವರೆಗೆ ಸೇರಿಸಬಹುದು. ಆದರೂ ಪ್ರತಿ ಸಿಮ್‌ನಿಂದ 1900ಕ್ಕೆ ಮೆಸೇಜ್ ಹೋಗಲೇಬೇಕು:

```
PORT <10 ಅಂಕಿಯ ನಂಬರ್>
```

ಬರುವ ಕೋಡ್‌ನ ಆಯುಸ್ಸು ನಾಲ್ಕು ದಿನ. ಮೊದಲೇ ತರಿಸಿಟ್ಟುಕೊಂಡು ಕೂತರೆ ಟೆಲಿಕಾಂನವರು ಬರುವ ಹೊತ್ತಿಗೆ ಅರ್ಧ ಸತ್ತಿರುತ್ತವೆ. ಅವರು ಬರುವ ದಿನವೇ ಎಲ್ಲರಿಂದ ಮೆಸೇಜ್ ಮಾಡಿಸಿ. ಕಂಪನಿ ನಂಬರ್‌ಗಳಿಗೆ ಐದು ಕೆಲಸದ ದಿನ ಬೇಕು. ಹೊಸ ಕಡೆಗೆ ಹೋಗುವ ಹೊತ್ತಲ್ಲಿ ಕೆಲವು ಗಂಟೆ ಸಿಮ್ ಸತ್ತಿರುತ್ತದೆ. ಎಲ್ಲವನ್ನೂ ಒಟ್ಟಿಗೆ ಹಾಕಬೇಡಿ. ಹತ್ತು ಹತ್ತು ಮಾಡಿ. ದಸರಾ, ದೀಪಾವಳಿ ಸೇಲ್‌ಗಳ ಹೊತ್ತಲ್ಲಂತೂ ಕೈ ಹಾಕಲೇಬೇಡಿ.

ನಂಬರ್ ಹುಡುಗನ ಸ್ವಂತದ್ದಾಗಿದ್ದರೆ ಬಿಟ್ಟುಬಿಡಿ. ಅದಕ್ಕೆ ಅವನ ಬ್ಯಾಂಕು, ಆಧಾರ್ ಎಲ್ಲ ಅಂಟಿರುತ್ತವೆ.

ಸಿಮ್ ಕೈ ಬದಲಾಗುವ ದಿನ

ಸಮಸ್ಯೆ ಹುಟ್ಟುವುದು ಇಲ್ಲಿ. ನಮ್ಮಲ್ಲಿ ನಂಬರ್‌ಗಳಿಗೆ ರೂಟಿನ ಹೆಸರು: ‘ಕೇಶ್ವಾಪುರ 1’, ‘ನವನಗರ 2’. ಹುಡುಗ ಬಿಡುವಾಗ ಸಿಮ್ ಕೊಡುವುದಷ್ಟೇ ಸಾಲದು.

ಮೊದಲ ಸಲ ನಾವು ಅಷ್ಟೇ ಮಾಡಿದ್ದೆವು. ಹೊಸ ಹುಡುಗ ಆ ನಂಬರಿಗೆ ವಾಟ್ಸಾಪ್ ಹಾಕಲು ಹೋದ, ಅದು ಆರಂಕಿಯ ಪಿನ್ ಕೇಳಿತು. ಹಳೇ ಹುಡುಗ ಎರಡು ಹಂತದ ಪರಿಶೀಲನೆ ಹಾಕಿಕೊಂಡಿದ್ದ. ಪಿನ್ ಅವನಿಗೇ ಮರೆತಿತ್ತು. ಪಿನ್ ಇಲ್ಲದಿದ್ದರೆ ವಾಟ್ಸಾಪ್ ಏಳು ದಿನ ಕಾಯಿಸುತ್ತದೆ. ಅಂಗಡಿಯವರು ಲೊಕೇಶನ್ ಕಳಿಸುವುದೇ ವಾಟ್ಸಾಪ್‌ನಲ್ಲಿ, ಒಂದು ವಾರ ಪರದಾಡಿದೆವು. ಈಗ ಪಿನ್ ಹಾಕುವುದು ಹಬ್‌ನವರು, ಅದು ನಮ್ಮ ರಿಜಿಸ್ಟರಿನಲ್ಲಿ ಇರುತ್ತದೆ.

ಸಿಮ್ ಕೊಡುವ ದಿನವೇ ಒಂದು ಮಾತು ಹೇಳಿ, ಬರಹದಲ್ಲೂ ಸಹಿ ಹಾಕಿಸಿಕೊಳ್ಳಿ: ಈ ನಂಬರನ್ನು ಬ್ಯಾಂಕಿಗೆ, ಯುಪಿಐಗೆ, ಆಧಾರ್‌ಗೆ ಜೋಡಿಸಬಾರದು. ನಾಳೆ ಬೇರೆಯವನ ಕೈಗೆ ಹೋಗುವ ನಂಬರಿಗೆ ನಿನ್ನ ಖಾತೆಯ ಒಟಿಪಿ ಬರಬಾರದು. ಹೇಳಿದರೂ ಕೆಲವರು ಜೋಡಿಸಿರುತ್ತಾರೆ. ಹಾಗಾಗಿ ಕೊನೆಯ ಲೆಕ್ಕ ಚುಕ್ತಾ ಮಾಡುವ ಮುಂಚೆ ಎದುರಿಗೆ ಕೂರಿಸಿ ಬಿಡಿಸಿ.

ಹೊಸಬನ ಕೈಗೆ ಕೊಡುವ ಮುಂಚೆ ಅವನ ಕೆವೈಸಿ ಆಗಬೇಕು, ಹಳಬನ ಹೆಸರು ತೆಗೆಸಬೇಕು. ‘ನಾಳೆ ಮಾಡೋಣ, ಇವತ್ತು ಲೋಡ್ ಜಾಸ್ತಿ ಇದೆ’ ಅಂತ ಸಿಮ್ ಹಾಗೇ ಕೊಟ್ಟುಬಿಟ್ಟರೆ, ದಾಖಲೆಯಲ್ಲಿ ಒಬ್ಬ, ಬೀದಿಯಲ್ಲಿ ಇನ್ನೊಬ್ಬ. ಹೋದ ಹುಡುಗನಿಗೂ ‘ಈ ತಾರೀಖಿನಿಂದ ಈ ನಂಬರ್ ನಿನ್ನ ಬಳಕೆಯಲ್ಲಿ ಇಲ್ಲ’ ಅಂತ ಒಂದು ಚೀಟಿ ಕೊಡಿ. ಅದು ಅವನ ಹಕ್ಕು.

ಸಿಮ್ ಕಳೆದರೆ ಇನ್ನೊಂದು ತೊಡಕು. ಬದಲಿ ಸಿಮ್ ಹಾಕಿದ ಮೇಲೆ 24 ಗಂಟೆ ಅದಕ್ಕೆ ಮೆಸೇಜ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಸಿಮ್ ಕದ್ದು ಒಟಿಪಿ ಹೊಡೆಯುವವರನ್ನು ತಡೆಯಲು ಈ ವ್ಯವಸ್ಥೆ. ಒಳ್ಳೆಯದೇ. ಆದರೆ ಒಟಿಪಿ ಬರದೆ ಹುಡುಗ ಡೆಲಿವರಿ ಆಪ್‌ಗೆ ಲಾಗಿನ್ ಆಗುವುದಿಲ್ಲ, 60 ಪಾರ್ಸೆಲ್ ಹಬ್‌ನಲ್ಲೇ ಕೂರುತ್ತವೆ. ಅದಕ್ಕೆ ಸೂಪರ್‌ವೈಸರ್‌ಗಳ ಕೆವೈಸಿಯಲ್ಲಿ ಎರಡು ಸಿಮ್ ಹೆಚ್ಚಿಗೆ ಚಾಲೂ ಇಡಿ. ಅಂಥ ದಿನ ಸೂಪರ್‌ವೈಸರೇ ಆ ಸಿಮ್ ಹಾಕಿಕೊಂಡು ಆ ರೂಟ್‌ಗೆ ಹೋಗಲಿ. ಡ್ರಾಯರಿನಲ್ಲಿ ಇರಬಹುದಾದ ಸಿಮ್ ಇವೆರಡೇ. ಕಳೆದ ಫೋನನ್ನು ಸಂಚಾರ್ ಸಾಥಿಯಲ್ಲೇ ಬ್ಲಾಕ್ ಮಾಡಿಸಬಹುದು, ಅದಕ್ಕೆ ಐಎಂಇಐ ನಂಬರ್ ಬೇಕು. ಸಿಮ್ ಕೊಡುವ ದಿನವೇ ಬರೆದಿಟ್ಟುಕೊಳ್ಳಿ.

ಗಿರಾಕಿ ಫೋನ್ ಎತ್ತದಿದ್ದರೆ

ದಿನಕ್ಕೆ 60 ಹೊಸ ನಂಬರಿಗೆ ಅರ್ಧರ್ಧ ನಿಮಿಷದ ಕಾಲ್. ಯಂತ್ರದ ಕಣ್ಣಿಗೆ ಡೆಲಿವರಿ ಹುಡುಗನೂ ಸಾಲ ಮಾರುವವನೂ ಒಂದೇ ತರ ಕಾಣಿಸುತ್ತಾರೆ. ಕಾಲ್‌ಗಳ ಸಂಖ್ಯೆ, ಅವಧಿ ನೋಡಿ ಸ್ಪ್ಯಾಮ್ ಗುರುತಿಸುವ ವ್ಯವಸ್ಥೆ ಈಗ ನೆಟ್‌ವರ್ಕ್‌ನಲ್ಲೇ ಇದೆ. ‘ಶಂಕಿತ ಸ್ಪ್ಯಾಮ್’ ಅಂತ ಒಮ್ಮೆ ಬಂದರೆ ಗಿರಾಕಿ ಎತ್ತುವುದಿಲ್ಲ. ‘ಗಿರಾಕಿ ಸಿಗಲಿಲ್ಲ’ ಅನ್ನುವ ವಾಪಸಾತಿ ಒಂದೇ ರೂಟ್‌ನಲ್ಲಿ ಏಕಾಏಕಿ ಹೆಚ್ಚಿದರೆ ಹುಡುಗನನ್ನು ಬೈಯುವ ಮೊದಲು ಆ ನಂಬರಿನಿಂದ ಬೇರೆ ಬೇರೆ ನೆಟ್‌ವರ್ಕ್‌ನ ನಾಲ್ಕು ಫೋನ್‌ಗೆ ಕಾಲ್ ಮಾಡಿ, ಏನು ಹೆಸರು ಬರುತ್ತದೆ ನೋಡಿ. ಸ್ಪ್ಯಾಮ್ ಅಂತ ಬಂದರೆ ಟೆಲಿಕಾಂನ ಖಾತೆ ವ್ಯವಸ್ಥಾಪಕರಿಗೆ ನಂಬರ್ ಸಮೇತ ಬರೆದು ದೂರು ಕೊಡಿ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ನೋಂದಣಿ ಇಲ್ಲದೆ ಪ್ರಚಾರದ ಕಾಲ್ ಮಾಡುವವರ ಎಲ್ಲ ಸಂಪರ್ಕಗಳನ್ನೂ ಕಡಿದು, ಎರಡು ವರ್ಷದವರೆಗೆ ಕಪ್ಪುಪಟ್ಟಿಗೆ ಹಾಕಿ ಅಂತ ದೂರಸಂಪರ್ಕ ನಿಯಂತ್ರಕ ಟ್ರಾಯ್ 2024ರ ಆಗಸ್ಟ್‌ನಲ್ಲಿ ಟೆಲಿಕಾಂ ಕಂಪನಿಗಳಿಗೆ ಆದೇಶ ಕೊಟ್ಟಿತ್ತು. ನಿಮ್ಮ 50 ನಂಬರೂ ಒಂದೇ ಹೆಸರಲ್ಲಿವೆ. ಒಬ್ಬ ಹುಡುಗ ಸೈಡಲ್ಲಿ ಚಿಟ್ ಫಂಡ್ ಮಾರಲು ಕಂಪನಿ ನಂಬರಿನಿಂದ ಕಾಲ್ ಮಾಡಿದರೆ ಹೊಡೆತ ಎಲ್ಲದಕ್ಕೂ ಬೀಳಬಹುದು. ಕಂಪನಿ ಆಫರ್ ತಿಳಿಸಲು ಆ ನಂಬರ್‌ಗಳಿಂದ ನೀವೇ ಮೆಸೇಜ್ ಹಾಕಿಸುವುದೂ ಬೇಡ.

ತಿಂಗಳಿಗೆ ಅರ್ಧ ಗಂಟೆ

ಬಿಲ್ಲಿನ ಎಕ್ಸೆಲ್ ಬಂದಾಗ ಎರಡು ಸಲ ಜೋಡಿಸಿ ನೋಡಿ. ಮೊದಲ ಸಲ ಬಳಕೆ ಸೊನ್ನೆ ಇರುವ ನಂಬರ್‌ಗಳು ಮೇಲೆ ಬರಲಿ. ಎರಡು ತಿಂಗಳು ಸೊನ್ನೆ ಇದ್ದರೆ ನಿಲ್ಲಿಸಿ ಅಥವಾ ವಾಪಸ್ ಕೊಡಿ. ಎರಡನೇ ಸಲ ಡೇಟಾ ಜಾಸ್ತಿ ಇರುವವು ಮೇಲೆ ಬರಲಿ. ಒಬ್ಬನದು ಐದು ಜಿಬಿ ಬದಲು 30 ಇದ್ದರೆ ಹಾಟ್‌ಸ್ಪಾಟ್ ಮನೆಯಲ್ಲಿ ಓಡುತ್ತಿದೆ ಅಂತಲೇ ಅರ್ಥ.

ವಾಪಸ್ ಕೊಡುವಾಗ ಒಂದು ಎಚ್ಚರ. ಕಡಿದ ನಂಬರನ್ನು 90 ದಿನದ ಮೇಲೆ ಬೇರೆಯವರಿಗೆ ಕೊಡಬಹುದು. ಆಮೇಲೆ ನಿಮ್ಮ ಗಿರಾಕಿಗಳ ಕಾಲ್ ಯಾರದೋ ಮನೆಗೆ ಹೋಗುತ್ತದೆ. ಗಿರಾಕಿಗಳ ಫೋನ್‌ನಲ್ಲಿ ಸೇವ್ ಆಗಿರುವ ರೂಟ್ ನಂಬರನ್ನು ಎಂದೂ ಬಿಡಬೇಡಿ, ಇತ್ತೀಚೆಗೆ ತಗೊಂಡ ಹೊಸದನ್ನು ಬಿಡಿ. ಕಲಘಟಗಿ ರೂಟ್‌ನಲ್ಲಿ ನಮಗೆ ನಾಲ್ಕು ತಿಂಗಳು ಹುಡುಗ ಸಿಗಲಿಲ್ಲ. ಆ ಸಿಮ್ ಆಗ ಸೂಪರ್‌ವೈಸರ್ ಫೋನ್‌ನಲ್ಲಿತ್ತು, ಕೆವೈಸಿಯೂ ಅವನದೇ ಆಗಿತ್ತು. ಬರುತ್ತಿದ್ದ ಕಾಲ್‌ಗಳನ್ನು ಅವನೇ ಎತ್ತಿ, ವಾರಕ್ಕೆರಡು ಸಲ ಗಾಡಿ ಕಳಿಸುತ್ತೇವೆ ಅಂತ ಹೇಳುತ್ತಿದ್ದ.